ಕ್ಲಾಸ್ ಟೀಚರ್ ಒಂದೇ ಮೆಸೇಜಲ್ಲಿ ಫೀಸು, ಹೋಮ್‌ವರ್ಕ್, ಪರೀಕ್ಷೆ, ಬಸ್ಸು ಎಲ್ಲಕ್ಕೂ ಉತ್ತರ ಕೊಡ್ತಾರೆ, ಯಾರಿಗೆ ಯಾವುದು ಅಂತ ಗೊತ್ತಾಗಲ್ಲ. ಏನು ಮಾಡಬಹುದು?

ನಾಲ್ಕನೇ ಕ್ಲಾಸ್ ಅಮ್ಮ (ಮೈಸೂರು)

ಮಗ ಇಲ್ಲಿನ ಒಂದು ಖಾಸಗಿ ಶಾಲೆಯಲ್ಲಿ 4ನೇ ಕ್ಲಾಸ್, ರಾಜ್ಯ ಪಠ್ಯಕ್ರಮ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ದಿನವಿಡೀ ಪೋಷಕರ ಪ್ರಶ್ನೆಗಳು ಬರುತ್ತಿರುತ್ತವೆ. ಟೀಚರ್ ಪಾಪ ಮನೆಗೆ ಹೋಗಿ, ಊಟ ಮುಗಿಸಿ, ಎಲ್ಲಕ್ಕೂ ಸೇರಿಸಿ ಒಂದೇ ಮೆಸೇಜ್ ಹಾಕುತ್ತಾರೆ. ಯಾರ ಪ್ರಶ್ನೆಯನ್ನೂ ಬಿಡುವುದಿಲ್ಲ. ಅವರ ಮೇಲೆ ನನಗೆ ದೂರಿಲ್ಲ, ತುಂಬಾ ಗೌರವ ಇದೆ. ಆದರೆ ಹೋದ ಗುರುವಾರ ರಾತ್ರಿ ಹತ್ತು ಗಂಟೆ ಹೊತ್ತಿಗೆ ಬಂದ ಮೆಸೇಜ್ ನೋಡಿ:

"ಎಲ್ಲ ಪೋಷಕರಿಗೂ ನಮಸ್ಕಾರ. ಫೀಸ್ ಕೇಳಿದವರಿಗೆ, 20ರವರೆಗೆ ಟೈಮ್ ಇದೆ, ಆಮೇಲೆ ಫೈನ್. ಗಣಿತ ಪೇಜ್ 62, 63 ನಾಳೆ ತರಬೇಕು. ಹೌದು, ಎಸ್‌ಎ-1 ಸೋಮವಾರದಿಂದ. ಪೋರ್ಷನ್ ಡೈರಿಯಲ್ಲಿದೆ. ಪರೀಕ್ಷೆ ಮುಗಿದ ಮೇಲೆ 12.30ಕ್ಕೆ ಬಿಡುತ್ತೇವೆ. ಇಲ್ಲ, ಕಟ್ಟಲೇಬೇಕು. ಪ್ರಾಜೆಕ್ಟ್ ಆಗದಿದ್ದರೂ ಪರವಾಗಿಲ್ಲ. ಬಸ್ 15 ನಿಮಿಷ ಬೇಗ ಬರುತ್ತದೆ. ಧನ್ಯವಾದ."

ಇದರಿಂದ ಏನಾಯ್ತು ಅಂದ್ರೆ, ಶುಕ್ರವಾರ ಬೆಳಿಗ್ಗೆ ಎದ್ದು ಓದಿದವರು "ನಾಳೆ" ಅಂದ್ರೆ ಶನಿವಾರ ಅಂದುಕೊಂಡರು. ಅವರ ಮಕ್ಕಳು ಹೋಮ್‌ವರ್ಕ್ ತರಲಿಲ್ಲ. "ಇಲ್ಲ, ಕಟ್ಟಲೇಬೇಕು" ಅನ್ನೋದನ್ನು ಪರೀಕ್ಷೆ ಫೀಸ್ ಅಂದುಕೊಂಡು ಇಬ್ಬರು ಆಫೀಸಿಗೆ ಹೋಗಿಬಂದರು. ಸೋಮವಾರ ನಾವು 15 ನಿಮಿಷ ಮುಂಚೆ ಸ್ಟಾಪಿಗೆ ಹೋದೆವು. ಬಸ್ ಬಂದಿದ್ದು ಎಂದಿನ ಟೈಮಿಗೇ. ನಮ್ಮ ಬೀದಿಯ ಇನ್ನೊಂದು ಮಗುವನ್ನು ಅಜ್ಜಿ ಕರ್ಕೊಂಡು ಬರ್ತಾರೆ, ಅವರಿಗೆ ಮಂಡಿ ನೋವು. ಅವರು ಅಷ್ಟು ಹೊತ್ತು ಕಾಂಪೌಂಡ್ ಗೋಡೆ ಹಿಡ್ಕೊಂಡು ನಿಂತಿದ್ದರು. ಅದಕ್ಕೇ ಬರೀತಿದ್ದೇನೆ.

ಶನಿವಾರ ಪೋಷಕರ ಸಭೆ ಇದೆ. ಟೀಚರ್‌ಗೆ ಕೆಲಸ ಜಾಸ್ತಿ ಆಗದ ಹಾಗೆ ಏನಾದ್ರೂ ಸಲಹೆ ಕೊಡಬೇಕು ಅಂತಿದ್ದೇನೆ. ನಿಮ್ಮ ಮಕ್ಕಳ ಶಾಲೆಯಲ್ಲಿ ಹೇಗೆ ಮಾಡ್ತಾರೆ?

ಗಡಿಬಿಡಿ ಅಪ್ಪ

ಗ್ರೂಪನ್ನು ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ ಮಾಡಿಸಿ. ಮುಗೀತು. ನಮ್ಮ ಮಗಳ ಶಾಲೆಯಲ್ಲಿ ಹಾಗೇ ಇದೆ, ಗಲಾಟೆಯೇ ಇಲ್ಲ.

ಹಾಸನದ ಟೀಚರ್

ಅಪ್ಪ ಅವರೇ, ಗಲಾಟೆ ನಿಮಗೆ ಕಾಣಿಸಲ್ಲ ಅಷ್ಟೇ. ನಾನು 5ನೇ ಕ್ಲಾಸಿಗೆ ಕ್ಲಾಸ್ ಟೀಚರ್. ನಮ್ಮಲ್ಲೂ ಹೋದ ವರ್ಷ ಹಾಗೇ ಮಾಡಿದರು. ಗ್ರೂಪಲ್ಲಿ ಕೇಳೋಕೆ ಆಗದಿದ್ದಾಗ ಎಲ್ಲರೂ ನನ್ನ ನಂಬರಿಗೇ ಮೆಸೇಜ್, ಫೋನ್ ಮಾಡೋಕೆ ಶುರು ಮಾಡಿದರು. ಮೊದಲು ಒಬ್ಬರು ಗ್ರೂಪಲ್ಲಿ ಕೇಳಿದರೆ ಉಳಿದವರು ಉತ್ತರ ಓದಿಕೊಳ್ಳುತ್ತಿದ್ದರು. ಈಗ ಅದೇ ಪ್ರಶ್ನೆ ಬೇರೆ ಬೇರೆಯವರಿಂದ ಬರುತ್ತೆ, ಅದೇ ಉತ್ತರ ಮತ್ತೆ ಮತ್ತೆ ಟೈಪ್ ಮಾಡಬೇಕು.

ಇನ್ನೊಂದು ವಿಷಯ. ಅಡ್ಮಿನ್ ಓನ್ಲಿ ಗ್ರೂಪಲ್ಲಿ "ಹೌದು, ತರಬೇಕು" ಅಂತ ಹಾಕಿದರೆ ಪ್ರಶ್ನೆ ಏನಿತ್ತು ಅಂತಾನೇ ಯಾರಿಗೂ ಗೊತ್ತಾಗಲ್ಲ. ಮೂಲ ಮೆಸೇಜಲ್ಲಿ ಆಗಿರೋದೂ ಇದೇ ಅಲ್ವಾ?

ಗಡಿಬಿಡಿ ಅಪ್ಪ

ಅದು ಸರಿ. ಆದ್ರೂ ಗುಡ್ ಮಾರ್ನಿಂಗ್ ಹೂವಿನ ಫೋಟೋ, ಹಬ್ಬದ ಶುಭಾಶಯ ನಿಲ್ಲುತ್ತಲ್ಲ ಮೇಡಂ. ಅದರ ಮಧ್ಯೆ ಟೀಚರ್ ಮೆಸೇಜ್ ಹುಡುಕೋದೇ ಕಷ್ಟ.

ಹಾಸನದ ಟೀಚರ್

ಅದಕ್ಕೆ ಒಪ್ಪುತ್ತೇನೆ. ಅದು ಖಂಡಿತ ನಿಲ್ಲಬೇಕು.

ತುಮಕೂರು ಕಡೆಯವ

ಫೀಸ್ ವಿಷಯ ಬಂತಲ್ಲ, ಕೇಳ್ತೀನಿ. ಮಗನನ್ನು ಬೇರೆ ಶಾಲೆಗೆ ಸೇರಿಸಬೇಕು, 6ನೇ ಕ್ಲಾಸ್. ಒಂದು ಕಂತು ಬಾಕಿ ಇದೆ ಅಂತ ಟಿಸಿ ಕೊಡ್ತಿಲ್ಲ. ಕ್ಲಾಸ್ ಟೀಚರ್ ಆಫೀಸ್ ಕೇಳಿ ಅಂತಾರೆ, ಆಫೀಸ್ ಮ್ಯಾನೇಜ್‌ಮೆಂಟ್ ಕೇಳಿ ಅಂತಾರೆ.

ನಿವೃತ್ತ ಮುಖ್ಯೋಪಾಧ್ಯಾಯ

ತುಮಕೂರಿನವರೇ, ಇಲ್ಲಿ ಕೇಳಿದ್ದು ಬೇರೆ ವಿಷಯ, ಆದರೂ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ 8ನೇ ತರಗತಿಯವರೆಗಿನ ಮಗು ಬೇರೆ ಶಾಲೆಗೆ ಹೋಗುವಾಗ ಮುಖ್ಯ ಶಿಕ್ಷಕರು ಟಿಸಿಯನ್ನು ತಕ್ಷಣ ಕೊಡಬೇಕು. ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳುವ ಶಾಲೆಯೂ ನಿರಾಕರಿಸುವ ಹಾಗಿಲ್ಲ. ಆದರೆ ಆ ಸೆಕ್ಷನ್ ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಹೋಗುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ನಿಮ್ಮದು ಖಾಸಗಿಯಿಂದ ಖಾಸಗಿಗೆ ಆದರೆ ವಾದ ಬರಬಹುದು. ಒಂದು ಅರ್ಜಿ ಬರೆದು ಶಾಲೆಗೆ ಕೊಟ್ಟು, ಅದರ ಪ್ರತಿಗೆ ಸೀಲ್ ಹಾಕಿಸಿಕೊಂಡು ಬಿಇಒ ಕಚೇರಿಗೆ ಹೋಗಿ. ಬಾಯಿಮಾತಲ್ಲಿ ಕೇಳುತ್ತಾ ಓಡಾಡಬೇಡಿ.

ಈಗ ಮೈಸೂರಿನ ಅಮ್ಮನವರ ಪ್ರಶ್ನೆಗೆ ಬರುತ್ತೇನೆ. ಆ ಮೆಸೇಜನ್ನು ನಿಧಾನವಾಗಿ ಓದಿದೆ. ಟೀಚರ್ ತಪ್ಪು ಮಾಹಿತಿ ಕೊಟ್ಟಿಲ್ಲ. ಎಲ್ಲಾ ಉತ್ತರವೂ ಬಹುಶಃ ಸರಿಯೇ ಇದೆ. ಅವರ ಫೋನಲ್ಲಿ ಪ್ರಶ್ನೆಗಳು ಮೇಲೆ ಕಾಣುತ್ತಿದ್ದವು, ಒಂದೊಂದಾಗಿ ನೋಡಿಕೊಂಡು ಉತ್ತರ ಬರೆದಿದ್ದಾರೆ. ಓದುವ ನಿಮ್ಮ ಮುಂದೆ ಆ ಪ್ರಶ್ನೆಗಳು ಇರಲಿಲ್ಲ. ನಾನು ಹೆಡ್‌ಮಾಸ್ಟರ್ ಆಗಿದ್ದಾಗ ನೋಟಿಸ್ ಬೋರ್ಡಿಗೆ ಬರೆಯುವ ಶಿಕ್ಷಕರಿಗೆ ಒಂದೇ ಮಾತು ಹೇಳುತ್ತಿದ್ದೆ. ಪ್ರಶ್ನೆ ಕೇಳದ ಪೋಷಕ ಇದನ್ನು ಓದಿದರೂ ಅರ್ಥ ಆಗಬೇಕು. ಯಾರಿಗೆ, ಯಾವಾಗಿನಿಂದ ಯಾವಾಗಿನವರೆಗೆ, ಏನು ಮಾಡಬೇಕು, ಇಷ್ಟು ಇದ್ದರೆ ಸಾಕು. "ನಾಳೆ" ಬದಲು "ಸೆಪ್ಟೆಂಬರ್ 12, ಶುಕ್ರವಾರ" ಅಂತ ಬರೆದರೆ ರಾತ್ರಿ ಓದಿದವರಿಗೂ ಬೆಳಿಗ್ಗೆ ಓದಿದವರಿಗೂ ಒಂದೇ ದಿನ.

ಎರಡನೆಯದು, ಈ ಎಲ್ಲಾ ಪ್ರಶ್ನೆಗಳೂ ಕ್ಲಾಸ್ ಟೀಚರ್ ಉತ್ತರಿಸಬೇಕಾದವಲ್ಲ. ಹೋಮ್‌ವರ್ಕ್, ಪರೀಕ್ಷೆ ಪೋರ್ಷನ್ ಅವರದ್ದು. ಫೀಸು ಆಫೀಸಿನದ್ದು. ಬಸ್ಸಿನ ಟೈಮು ಬಸ್ ನೋಡಿಕೊಳ್ಳುವವರದ್ದು. ಬೇರೆಯವರು ಹೇಳಿದ್ದನ್ನು ಟೀಚರ್ ನೆನಪಿಟ್ಟುಕೊಂಡು ರಾತ್ರಿ ಬರೆಯುವಾಗ ಅರ್ಧ ಮಾತು ಬಿಟ್ಟುಹೋಗುತ್ತದೆ. ಬಸ್ಸಿನ ಸಾಲು ನೋಡಿ. ಯಾವ ರೂಟು? ಬೆಳಿಗ್ಗೆಯೋ ಮಧ್ಯಾಹ್ನವೋ? ಎಲ್ಲಾ ಸ್ಟಾಪಿಗೂನಾ? ಒಂದೂ ಇಲ್ಲ.

ಹಳದಿ ಬಸ್

ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಶಾಲೆಯೊಂದರಲ್ಲಿ ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್. ಆ ಬಸ್ಸಿನ ಸಾಲಿನ ಹಿಂದೆ ಏನಾಗಿರುತ್ತೆ ಅಂತ ಊಹಿಸಬಲ್ಲೆ. ಮೇಡಂ, ನಿಮ್ಮ ರೂಟಲ್ಲಿ ರಸ್ತೆ ಅಗೆದಿದ್ದಾರಾ?

ನಾಲ್ಕನೇ ಕ್ಲಾಸ್ ಅಮ್ಮ (ಮೈಸೂರು)

ಹೌದು! ಒಳಚರಂಡಿ ಕೆಲಸ ನಡೀತಿದೆ. ನಮ್ಮ ಸ್ಟಾಪಿಗಿಂತ ಸ್ವಲ್ಪ ಹಿಂದೆ. ನಿಮಗೆ ಹೇಗೆ ಗೊತ್ತಾಯ್ತು?

ಹಳದಿ ಬಸ್

ಶಾಲೆ ಶುರುವಾಗುವ ಟೈಮ್ ಬದಲಾಗದೆ ಬಸ್ ಬೇಗ ಬರುತ್ತೆ ಅಂದ್ರೆ ಸಾಮಾನ್ಯವಾಗಿ ದಾರಿಯಲ್ಲೇ ಏನೋ ತೊಂದರೆ ಇರುತ್ತೆ.

ಹೀಗೆ ಯೋಚನೆ ಮಾಡಿ. ಬಸ್ ಶಾಲೆಗೆ 8.30ಕ್ಕೆ ಸೇರಬೇಕು. ದಾರಿ ಮಧ್ಯೆ ಒಂದು ಕಡೆ ರಸ್ತೆ ಅಗೆದಿದ್ದಾರೆ, ಸುತ್ತಿ ಹೋಗೋಕೆ 15 ನಿಮಿಷ ಜಾಸ್ತಿ ಬೇಕು. ಆಗ ಬಸ್ ಡಿಪೋದಿಂದ 15 ನಿಮಿಷ ಮುಂಚೆ ಹೊರಡುತ್ತೆ. ಅಗೆದ ಜಾಗಕ್ಕಿಂತ ಹಿಂದಿನ ಸ್ಟಾಪುಗಳಿಗೆಲ್ಲ 15 ನಿಮಿಷ ಬೇಗ ಬರುತ್ತೆ. ಅಗೆದ ಜಾಗದಲ್ಲಿ ಆ 15 ನಿಮಿಷ ಕಳೆದುಹೋಗುತ್ತೆ. ಅಲ್ಲಿಂದ ಮುಂದಿನ ಸ್ಟಾಪುಗಳಿಗೆ ಎಂದಿನ ಟೈಮೇ. ನಿಮ್ಮ ಸ್ಟಾಪ್ ಮುಂದಿನದ್ದು. ಅದಕ್ಕೇ ನೀವು ಸುಮ್ನೆ ಕಾದಿರಿ.

ಮಧ್ಯಾಹ್ನ ಇದು ಉಲ್ಟಾ. ಬಸ್ ಶಾಲೆಯಿಂದ ಹೊರಡುತ್ತೆ, ಶಾಲೆ ಹತ್ತಿರದ ಸ್ಟಾಪುಗಳಿಗೆ ಎಂದಿನಂತೆ, ಅಗೆದ ಜಾಗ ದಾಟಿದ ಮೇಲಿನವರಿಗೆ 15 ನಿಮಿಷ ತಡ. ಬೆಳಿಗ್ಗೆ ಬೇಗ ಬಂದವರ ಮಕ್ಕಳೇ ಮಧ್ಯಾಹ್ನ ತಡವಾಗಿ ಮನೆ ಸೇರ್ತಾರೆ. ಅವರಿಗೆ ಇದನ್ನು ಮೊದಲೇ ಹೇಳದಿದ್ದರೆ ಗಾಬರಿ ಆಗ್ತಾರೆ.

ಇನ್ನು ತಡವಾದದ್ದನ್ನು ಡ್ರೈವರ್ ಜೋರಾಗಿ ಓಡಿಸಿ ಸರಿಮಾಡಲಿ ಅನ್ನೋ ಪೋಷಕರೂ ಇದ್ದಾರೆ. ಶಾಲಾ ಬಸ್ಸಿಗೆ 40 ಕಿ.ಮೀ.ಗೆ ಸ್ಪೀಡ್ ಗವರ್ನರ್ ಇರುತ್ತೆ. ಕಳೆದ ಟೈಮ್ ವಾಪಸ್ ಬರಲ್ಲ, ಬರಲೂಬಾರದು.

ಬೀದರ್ ಭಾಭಿ

ನಮ್ಮ ಮಗಳ ಬಸ್ ದಿನಾ ತಡ. ಡ್ರೈವರ್‌ಗೆ ಫೋನ್ ಮಾಡಿದ್ರೆ ಎತ್ತಲ್ಲ.

ಹಳದಿ ಬಸ್

ಅಕ್ಕಾ, ಓಡಿಸುವಾಗ ಎತ್ತಬಾರದು. ಎತ್ತದಿರೋದು ಒಳ್ಳೆಯ ಡ್ರೈವರ್. ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಅಥವಾ ಅಟೆಂಡರ್ ಇರ್ತಾರಲ್ಲ, ಅವರ ನಂಬರ್ ಕೇಳಿ ಇಟ್ಟುಕೊಳ್ಳಿ.

ಶಿರಸಿ ಮಾಣಿ

12.30 ಅನ್ನೋದರ ಬಗ್ಗೆ ಯಾರೂ ಮಾತಾಡಿಲ್ಲ. ಎಸ್‌ಎ ದಿನಗಳಲ್ಲಿ 12.30ಕ್ಕೆ ಬಿಟ್ಟರೆ ಬಸ್ ಆಗಲೇ ಹೊರಡುತ್ತಾ? ನಮ್ಮಲ್ಲಿ ಪ್ರೈಮರಿ ಬಿಟ್ಟ ಮೇಲೂ ಮಕ್ಕಳು ಹೈಸ್ಕೂಲ್ ಬಿಡುವವರೆಗೆ ಕೂತಿದ್ದರು.

ಹಳದಿ ಬಸ್

ಒಳ್ಳೆ ಪ್ರಶ್ನೆ. ಅದು ಶಾಲೆಯಿಂದ ಶಾಲೆಗೆ ಬೇರೆ. ಕೆಲವು ಕಡೆ ಅದೇ ಬಸ್ ಎರಡು ಟ್ರಿಪ್ ಮಾಡುತ್ತೆ, ಮೊದಲು ಚಿಕ್ಕವರು, ಆಮೇಲೆ ದೊಡ್ಡವರು. ಅಂಥ ಕಡೆ 12.30ಕ್ಕೇ ಹೊರಡಬಹುದು. ಒಂದೇ ಟ್ರಿಪ್ ಇರೋ ಶಾಲೆಯಲ್ಲಿ ಎಲ್ಲರೂ ಬಿಡೋವರೆಗೆ ಕಾಯಬೇಕು. ಹಾಗಾಗಿ "12.30ಕ್ಕೆ ಬಿಡುತ್ತೇವೆ" ಅಂದ್ರೆ ಕ್ಲಾಸ್ ಬಿಡೋ ಟೈಮ್ ಅಷ್ಟೇ. ಬಸ್ ಹೊರಡೋ ಟೈಮ್ ಬೇರೆ ಬರೀಬೇಕು. ಸ್ವಂತ ಗಾಡಿಯಲ್ಲಿ ಕರ್ಕೊಂಡು ಹೋಗೋರಿಗೆ ಮೊದಲನೆಯದು ಬೇಕು, ಬಸ್ಸಿನವರಿಗೆ ಎರಡನೆಯದು.

ಲೆಕ್ಕದ ಮನುಷ್ಯ

"ಇಲ್ಲ, ಕಟ್ಟಲೇಬೇಕು" ಯಾವುದಕ್ಕೆ ಅಂತ ಕೊನೆಗೂ ಗೊತ್ತಾಯ್ತಾ?

ನಾಲ್ಕನೇ ಕ್ಲಾಸ್ ಅಮ್ಮ (ಮೈಸೂರು)

ಗೊತ್ತಾಯ್ತು. ದಸರಾ ರಜೆ ಬರುತ್ತಲ್ಲ, ಅಕ್ಟೋಬರ್‌ನಲ್ಲಿ ಬಸ್ ಓಡೋ ದಿನ ಕಡಿಮೆ. ಬಸ್ ಫೀಸ್ ಅರ್ಧ ಕಟ್ಟಿದ್ರೆ ಸಾಕಾ ಅಂತ ಒಬ್ಬರು ಬೆಳಿಗ್ಗೆ ಕೇಳಿದ್ದರು. ಅದಕ್ಕೆ ಉತ್ತರ. ಮಧ್ಯೆ ಎಷ್ಟೋ ಮೆಸೇಜ್ ಬಂದಿದ್ದರಿಂದ ಯಾರಿಗೂ ಆ ಪ್ರಶ್ನೆ ನೆನಪಿರಲಿಲ್ಲ.

ಲೆಕ್ಕದ ಮನುಷ್ಯ

ನಾನು ಶಾಲೆಯೊಂದರ ಲೆಕ್ಕ ಬರೆಯುತ್ತೇನೆ. ಬಹಳ ಕಡೆ ಬಸ್ ಫೀಸ್ ಅನ್ನು ವರ್ಷಕ್ಕೆ ಇಷ್ಟು ಅಂತ ನಿಗದಿ ಮಾಡಿ, ಕಂತುಗಳಾಗಿ ಹಂಚಿರುತ್ತಾರೆ. ಡ್ರೈವರ್ ಸಂಬಳ, ಇನ್ಶೂರೆನ್ಸ್, ಎಫ್‌ಸಿ, ಇವು ರಜೆಯಲ್ಲೂ ನಿಲ್ಲುವುದಿಲ್ಲ. ಅಕ್ಟೋಬರ್ ಕಂತು ಅಂದ್ರೆ ಅಕ್ಟೋಬರ್ ತಿಂಗಳ ಬಾಡಿಗೆ ಅಲ್ಲ, ವರ್ಷದ ಮೊತ್ತದ ಒಂದು ಪಾಲು. ಇದನ್ನು ಒಂದು ಸಲ ಜೂನ್‌ನಲ್ಲಿ ಫೀಸ್ ಕಾರ್ಡ್ ಮೇಲೆ ಬರೆದರೆ ಪ್ರತಿ ರಜೆಗೂ ಯಾರೂ ಕೇಳಲ್ಲ. ಟೀಚರ್ ಉತ್ತರಿಸಬೇಕಾದ ಪ್ರಶ್ನೆಯೇ ಅಲ್ಲ ಇದು.

ಗಡಿಬಿಡಿ ಅಪ್ಪ

ಫೀಸ್ ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ ಎಲ್ಲರೂ. ಪೂರ್ತಿ ಮೊತ್ತ 80ಸಿ ಅಡಿಯಲ್ಲಿ ತೋರಿಸಬಹುದು, ಬಸ್ ಸೇರಿ.

ಲೆಕ್ಕದ ಮನುಷ್ಯ

ಬಸ್ ಸೇರಲ್ಲ ಸರ್. ಬೋಧನಾ ಶುಲ್ಕ ಮಾತ್ರ, ಅದೂ ಇಬ್ಬರು ಮಕ್ಕಳವರೆಗೆ. ಡೊನೇಶನ್, ಡೆವಲಪ್‌ಮೆಂಟ್ ಫೀಸ್, ಬಸ್ ಯಾವುದೂ ಬರಲ್ಲ. ಪಿಎಫ್, ಎಲ್‌ಐಸಿ ಎಲ್ಲಾ ಸೇರಿ ಒಂದೂವರೆ ಲಕ್ಷದ ಮಿತಿ. ಹಳೆ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ ಇದು ಉಪಯೋಗ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಇಲ್ಲ. ಹಾಗಾಗಿ ರಸೀದಿಯಲ್ಲಿ ಬೋಧನಾ ಶುಲ್ಕ ಬೇರೆ ಸಾಲಿನಲ್ಲಿ ಇದೆಯಾ ನೋಡಿಕೊಳ್ಳಿ. ಒಟ್ಟು ಮೊತ್ತ ಮಾತ್ರ ಇದ್ದರೆ ಆಫೀಸಲ್ಲಿ ಕೇಳಿ ಬಿಡಿಸಿ ಬರೆಸಿಕೊಳ್ಳಿ.

ಮಂಡ್ಯ ಗೌಡ್ತಿ

ಫೀಸಿನ ಬಗ್ಗೆ ನನ್ನದೊಂದು ಮಾತು. ನಮ್ಮ ಗ್ರೂಪಲ್ಲಿ ಒಂದು ಸಲ ಬಾಕಿ ಇರೋರ ಪಟ್ಟಿಯನ್ನೇ ಹಾಕಿಬಿಟ್ಟರು. ಮಗುವಿನ ಹೆಸರು, ಎದುರಿಗೆ ದುಡ್ಡು. ನಮ್ಮದೂ ಇತ್ತು. ಆ ವರ್ಷ ಕಬ್ಬಿನ ದುಡ್ಡು ಬರೋದು ತಡವಾಗಿತ್ತು. ಮಾರನೇ ದಿನ ಕ್ಲಾಸಲ್ಲಿ ಹುಡುಗರು ನನ್ನ ಮಗಳನ್ನ ಕೇಳಿದ್ದಾರೆ, ನಿಮ್ಮಪ್ಪ ದುಡ್ಡು ಕಟ್ಟಿಲ್ವಂತೆ ಅಂತ. ಅವಳು ಎರಡು ದಿನ ಸ್ಕೂಲಿಗೆ ಹೋಗಲ್ಲ ಅಂತ ಹಟ ಮಾಡಿದಳು. ದುಡ್ಡಿನ ವಿಷಯ ಗ್ರೂಪಲ್ಲಿ ದಯವಿಟ್ಟು ಬೇಡ.

ನಿವೃತ್ತ ಮುಖ್ಯೋಪಾಧ್ಯಾಯ

ತಾಯಿ, ಅದು ಆಗಬಾರದಿತ್ತು. ಮಗುವಿಗೆ ಮಾನಸಿಕ ಹಿಂಸೆ ಕೊಡುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸುತ್ತದೆ. ಕೊನೆ ದಿನ ಯಾವುದು ಅಂತ ಎಲ್ಲರಿಗೂ ಹೇಳಬಹುದು. ಯಾರದ್ದು ಎಷ್ಟು ಬಾಕಿ ಅನ್ನುವುದು ಆಫೀಸು ಮತ್ತು ಆ ಪೋಷಕರ ನಡುವೆ ಮಾತ್ರ ಇರಬೇಕು. ಕ್ಲಾಸ್ ಟೀಚರ್‌ಗೂ ಆ ಪಟ್ಟಿ ಬೇಕಿಲ್ಲ.

ಹಾಸನದ ಟೀಚರ್

ಸರ್, ಹೇಳೋಕೆ ಬೇಜಾರು, ಆದರೆ ಎಷ್ಟೋ ಖಾಸಗಿ ಶಾಲೆಯಲ್ಲಿ ವಸೂಲಿ ಜವಾಬ್ದಾರಿಯನ್ನೂ ಕ್ಲಾಸ್ ಟೀಚರ್ ಮೇಲೇ ಹಾಕ್ತಾರೆ. "ನಿಮ್ಮ ಕ್ಲಾಸಲ್ಲಿ ಎಷ್ಟು ಜನ ಬಾಕಿ" ಅಂತ ಮೀಟಿಂಗಲ್ಲಿ ಕೇಳ್ತಾರೆ. ಹಾಗಿದ್ದಾಗ ಆ ಟೀಚರ್ ಗ್ರೂಪಲ್ಲಿ ಹಾಕದೆ ಇನ್ನೇನು ಮಾಡ್ತಾರೆ? ಪಟ್ಟಿ ಹಾಕಿದ್ದು ಸರಿ ಅಂತಿಲ್ಲ. ಬೈಯೋದಾದರೆ ಮ್ಯಾನೇಜ್‌ಮೆಂಟನ್ನು ಬೈಯಿರಿ.

ಮಂಡ್ಯ ಗೌಡ್ತಿ

ಟೀಚರಮ್ಮ, ನೀವು ಹೇಳೋದು ಅರ್ಥ ಆಗುತ್ತೆ. ಆದ್ರೆ ನನ್ನ ಮಗಳಿಗೆ ನೋವಾಗಿದ್ದು ಆ ಮೆಸೇಜಿಂದ.

ಕೋರಮಂಗಲ ಡ್ಯಾಡ್

4ನೇ ಕ್ಲಾಸ್ ಮಗುವಿಗೆ ಪರೀಕ್ಷೆಗೆ ಮುಂಚಿನ ವಾರ ಎರಡು ಪೇಜ್ ಹೋಮ್‌ವರ್ಕ್ ಯಾಕೆ ಅಂತ ಯಾರೂ ಕೇಳ್ತಿಲ್ಲ. ಕೇಂದ್ರದ 2020ರ ಸ್ಕೂಲ್ ಬ್ಯಾಗ್ ನೀತಿಯಲ್ಲಿ ಹೋಮ್‌ವರ್ಕೇ ಬೇಡ ಅಂತಿದೆ.

ಹಾಸನದ ಟೀಚರ್

ಹೋಮ್‌ವರ್ಕೇ ಬೇಡ ಅಂತಿರೋದು 2ನೇ ಕ್ಲಾಸಿನವರೆಗೆ. 3ರಿಂದ 5ಕ್ಕೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ ಅಂತಿದೆ. ಎರಡು ಪೇಜ್ ಗಣಿತ ಅದರೊಳಗೇ ಬರುತ್ತೆ. ಪರೀಕ್ಷೆಗೆ ಮುಂಚೆ ಅದೇ ಲೆಕ್ಕಗಳನ್ನು ಇನ್ನೊಂದು ಸಲ ಮಾಡಿಸಿದರೆ ಮಗುವಿಗೇ ಸುಲಭ.

ಕೋರಮಂಗಲ ಡ್ಯಾಡ್

ಒಂದೊಂದು ವಿಷಯದ ಟೀಚರೂ ತಮ್ಮದು ಎರಡೇ ಪೇಜ್ ಅಂತಾರೆ ಮೇಡಂ. ಸೇರಿಸಿದರೆ ವಾರಕ್ಕೆ ಎಷ್ಟಾಗುತ್ತೆ ಅಂತ ನೋಡೋರು ಯಾರು? ನನ್ನ ಮಗ ರಾತ್ರಿ ಒಂಬತ್ತರವರೆಗೆ ಬರೀತಾನೆ.

ಹಾಸನದ ಟೀಚರ್

ಆ ಮಾತು ಒಪ್ಪುತ್ತೇನೆ. ಒಟ್ಟು ಲೆಕ್ಕ ಇಡೋರು ಯಾರೂ ಇಲ್ಲ. ಅದನ್ನು ಕ್ಲಾಸ್ ಟೀಚರ್ ಇಡಬೇಕು ಅಂತ ನನಗೂ ಅನ್ಸುತ್ತೆ, ಆದರೆ ಬೇರೆ ಟೀಚರ್‌ಗಳು ಕೇಳಬೇಕಲ್ಲ.

ಬೀದರ್ ಭಾಭಿ

ಪ್ರಾಜೆಕ್ಟ್ ಅಂತೂ ನಾವೇ ಮಾಡೋದು. ಹೋದ ಸಲ ಥರ್ಮಾಕೋಲಲ್ಲಿ ಕೋಟೆ ಮಾಡಿದ್ವಿ, ಮಗಳು ನಿದ್ದೆ ಮಾಡ್ತಿದ್ಳು.

ಶಿರಸಿ ಮಾಣಿ

ವಿಷಯಕ್ಕೆ ಬನ್ನಿ. "ಪೋರ್ಷನ್ ಡೈರಿಯಲ್ಲಿದೆ" ಅನ್ನೋದೂ ತೊಂದರೆ. ಬರೆಸಿದ ದಿನ ಮಗು ರಜೆ ಹಾಕಿದ್ದರೆ ಡೈರಿ ಖಾಲಿ. 4ನೇ ಕ್ಲಾಸಿನವರು ಬೋರ್ಡ್ ನೋಡಿ ಬರೆಯುವಾಗ ಪಾಠದ ನಂಬರ್ ತಪ್ಪುತ್ತಾರೆ. ನನ್ನ ಮಗ 6 ಅಂತ ಬರೆದಿದ್ದ, ಇದ್ದದ್ದು 5. ಟೀಚರ್ ಬೋರ್ಡಿನ ಫೋಟೋ ತೆಗೆದು ಹಾಕಿದರೆ ಆಯ್ತಲ್ಲ.

ಹಾಸನದ ಟೀಚರ್

ಫೋಟೋ ಸರಿ. ಒಂದು ಮಾತು ಮಾತ್ರ. ಫೋಟೋದಲ್ಲಿರೋ ಅಕ್ಷರವನ್ನು ಗ್ರೂಪಲ್ಲಿ ಹುಡುಕಿದರೆ ಸಿಗಲ್ಲ. ಕೆಳಗೆ "ಎಸ್‌ಎ-1 ಪೋರ್ಷನ್, 4ಬಿ" ಅಂತ ಒಂದು ಸಾಲು ಟೈಪ್ ಮಾಡಿದರೆ ಆಮೇಲೆ ಹುಡುಕಬಹುದು. ಪಿನ್ ಮಾಡಿದರೆ ಇನ್ನೂ ಒಳ್ಳೇದು. ಮೂರು ಮೆಸೇಜ್ ಪಿನ್ ಮಾಡಬಹುದು, 30 ದಿನದವರೆಗೆ ಮೇಲೇ ಇರುತ್ತೆ.

ನಾಲ್ಕನೇ ಕ್ಲಾಸ್ ಅಮ್ಮ (ಮೈಸೂರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್, ಆ ಗುರುವಾರದ ಮೆಸೇಜನ್ನೇ ನೀವು ಬರೆದಿದ್ದರೆ ಹೇಗೆ ಬರೆಯುತ್ತಿದ್ದಿರಿ? ಸಭೆಯಲ್ಲಿ ತೋರಿಸೋಕೆ ಒಂದು ಮಾದರಿ ಇದ್ದರೆ ಒಳ್ಳೇದು.

ನಿವೃತ್ತ ಮುಖ್ಯೋಪಾಧ್ಯಾಯ

ಒಂದರ ಬದಲು ನಾಲ್ಕು ಚಿಕ್ಕ ಮೆಸೇಜ್. ರೂಟ್ ನಂಬರ್, ಬಸ್ ಹೊರಡುವ ಟೈಮು ಇತ್ಯಾದಿ ನಿಮ್ಮ ಶಾಲೆಯದ್ದು ಹಾಕಿಕೊಳ್ಳಿ.

"ಹೋಮ್‌ವರ್ಕ್, 4ಬಿ ಎಲ್ಲರಿಗೂ: ಗಣಿತ ಪೇಜ್ 62, 63. ಸೆಪ್ಟೆಂಬರ್ 12, ಶುಕ್ರವಾರ ತರಬೇಕು. ಪರಿಸರ ಅಧ್ಯಯನದ ಪ್ರಾಜೆಕ್ಟ್ ಆಗದಿದ್ದವರು ದಸರಾ ರಜೆ ಮುಗಿದ ಮೇಲೆ ತರಬಹುದು."

"ಎಸ್‌ಎ-1, 4ಬಿ ಎಲ್ಲರಿಗೂ: ಸೆಪ್ಟೆಂಬರ್ 15, ಸೋಮವಾರ ಶುರು. ವೇಳಾಪಟ್ಟಿ, ಪೋರ್ಷನ್ ಎರಡರ ಫೋಟೋ ಕೆಳಗಿದೆ. ಪರೀಕ್ಷೆ ದಿನಗಳಲ್ಲಿ ಕ್ಲಾಸ್ 12.30ಕ್ಕೆ ಬಿಡುತ್ತದೆ, ಶಾಲಾ ಬಸ್ 12.45ಕ್ಕೆ ಹೊರಡುತ್ತದೆ."

"ಬಸ್, ರೂಟ್ 4ರವರಿಗೆ ಮಾತ್ರ: ರಸ್ತೆ ಕೆಲಸ ಇರುವುದರಿಂದ ಸೆಪ್ಟೆಂಬರ್ 15ರಿಂದ ಮೊದಲ ಆರು ಸ್ಟಾಪುಗಳಿಗೆ ಬೆಳಿಗ್ಗೆ 15 ನಿಮಿಷ ಬೇಗ ಬರುತ್ತದೆ, ಮಧ್ಯಾಹ್ನ 15 ನಿಮಿಷ ತಡವಾಗುತ್ತದೆ. ಉಳಿದ ಸ್ಟಾಪುಗಳಿಗೆ ಬದಲಾವಣೆ ಇಲ್ಲ. ಮೊದಲಿನ ಟೈಮಿಗೆ ಬಂದಾಗ ಮತ್ತೆ ತಿಳಿಸುತ್ತೇವೆ. ಪ್ರಶ್ನೆ ಇದ್ದರೆ ಬಸ್ ಇನ್‌ಚಾರ್ಜ್ ಅವರಿಗೆ ಫೋನ್ ಮಾಡಿ."

"ಫೀಸ್: ಎರಡನೇ ಕಂತಿಗೆ ಸೆಪ್ಟೆಂಬರ್ 20, ಶನಿವಾರ ಕೊನೆ ದಿನ. ದಸರಾ ರಜೆ ಇದ್ದರೂ ಅಕ್ಟೋಬರ್ ಬಸ್ ಕಂತು ಪೂರ್ತಿ ಕಟ್ಟಬೇಕು. ಬೇರೆ ಪ್ರಶ್ನೆಗಳಿಗೆ ಆಫೀಸನ್ನು ಕೇಳಿ."

ಬೇರೆ ಬೇರೆ ಹಾಕುವುದರಿಂದ ಒಂದು ಅನುಕೂಲ ಇದೆ. ತಂದೆ ಗ್ರೂಪಲ್ಲಿರುತ್ತಾರೆ, ಸ್ಟಾಪಿಗೆ ಹೋಗುವುದು ಅಜ್ಜಿ. ಬಸ್ಸಿನ ಮೆಸೇಜ್ ಒಂದನ್ನೇ ಅವರಿಗೆ ಫಾರ್ವರ್ಡ್ ಮಾಡಬಹುದು. ಉದ್ದ ಮೆಸೇಜಿನ ಕೊನೆ ಸಾಲುಗಳು "ರೀಡ್ ಮೋರ್" ಕೆಳಗೆ ಅಡಗಿಹೋಗುವುದೂ ತಪ್ಪುತ್ತದೆ.

ಹಳದಿ ಬಸ್

ಸರ್, ಬಸ್ ಮೆಸೇಜ್ ತುಂಬಾ ಚೆನ್ನಾಗಿದೆ. ಒಂದು ಸೇರಿಸಿ. "15 ನಿಮಿಷ ಬೇಗ" ಅಂದರೆ ಹೊಸದಾಗಿ ಸೇರಿದವರಿಗೆ ಹಳೇ ಟೈಮೇ ಗೊತ್ತಿರಲ್ಲ. ಸ್ಟಾಪಿನ ಹೆಸರು, ಅದರ ಎದುರಿಗೆ ಹೊಸ ಟೈಮ್ ಬರೆಯಿರಿ. ಆರೇ ಸ್ಟಾಪ್ ತಾನೇ.

ನಿವೃತ್ತ ಮುಖ್ಯೋಪಾಧ್ಯಾಯ

ಸರಿ, ಅದು ಇನ್ನೂ ಒಳ್ಳೆಯದು.

ಗಡಿಬಿಡಿ ಅಪ್ಪ

ತಪ್ಪು ಹೋದರೆ ಟೀಚರ್ ಎಡಿಟ್ ಮಾಡಬಹುದಲ್ಲ, ಈಗ ವಾಟ್ಸಾಪಲ್ಲಿ ಇದೆ.

ಹಾಸನದ ಟೀಚರ್

15 ನಿಮಿಷದೊಳಗೆ ಮಾತ್ರ. ಇನ್ನೂ ದೊಡ್ಡ ತೊಂದರೆ ಅಂದ್ರೆ, ಮೊದಲೇ ಓದಿದವರಿಗೆ ಎಡಿಟ್ ಆಗಿದ್ದು ಗೊತ್ತಾಗಲ್ಲ, ಹೊಸ ಸೂಚನೆ ಬರಲ್ಲ. ಅವರು ಹಳೇ ಟೈಮನ್ನೇ ನಂಬಿಕೊಂಡಿರ್ತಾರೆ. ತಾರೀಕು, ಟೈಮು ತಪ್ಪಾದರೆ ಹೊಸ ಮೆಸೇಜೇ ಹಾಕಬೇಕು. "ಬಸ್ ಟೈಮ್ ತಿದ್ದುಪಡಿ, ಮೊದಲಿನದು ತಪ್ಪು" ಅಂತ ಮೊದಲ ಸಾಲಲ್ಲೇ.

ಬಸ್ ಸ್ಟಾಪ್ ಅಜ್ಜ

ನಾನು ಮೊಮ್ಮಗಳನ್ನು ಬಿಡಲು ಹೋಗುವವನು. ನಮ್ಮ ಗ್ರೂಪಲ್ಲಿ ಎಲ್ಲಾ ಇಂಗ್ಲಿಷ್. ಮಗನಿಗೆ ಫೋನ್ ಮಾಡಿ ಕೇಳಬೇಕು, ಅವನು ಮೀಟಿಂಗಲ್ಲಿ ಇರ್ತಾನೆ. ಬಸ್ಸಿನದ್ದೊಂದಾದರೂ ಕನ್ನಡದಲ್ಲಿ ಹಾಕಿ ಅಂತ ಹೇಳಿ.

ಕೋರಮಂಗಲ ಡ್ಯಾಡ್

ಅಜ್ಜ, ನಮ್ಮ ಕ್ಲಾಸಲ್ಲಿ ತಮಿಳು, ಹಿಂದಿ, ತೆಲುಗು ಎಲ್ಲರೂ ಇದ್ದಾರೆ. ಇಂಗ್ಲಿಷ್ ಇಲ್ಲದಿದ್ದರೆ ನಡೆಯಲ್ಲ.

ಬಸ್ ಸ್ಟಾಪ್ ಅಜ್ಜ

ಇಂಗ್ಲಿಷ್ ಬೇಡ ಅನ್ನಲಿಲ್ಲಪ್ಪ. ಕನ್ನಡವೂ ಇರಲಿ ಅಂದೆ. ಓದಲು ಬಾರದವರಿಗೆ ಟೀಚರ್ ಧ್ವನಿಯಲ್ಲಿ ಹೇಳಿ ಕಳಿಸಿದರೂ ಆದೀತು.

ಹಾಸನದ ಟೀಚರ್

ವಾಯ್ಸ್ ಮೆಸೇಜ್ ಬಗ್ಗೆ ನನಗೆ ಸ್ವಲ್ಪ ಅನುಮಾನ. ಟೈಮ್ ಮತ್ತೆ ನೋಡಬೇಕು ಅಂದ್ರೆ ಪೂರ್ತಿ ಕೇಳಬೇಕು. ಅಜ್ಜ ಹೇಳಿದ ಹಾಗೆ ಬರೆದದ್ದರ ಜೊತೆಗೆ ಹಾಕಿದರೆ ಸರಿ.

ಮಂಡ್ಯ ಗೌಡ್ತಿ

ಇಷ್ಟೆಲ್ಲಾ ಸರಿ. ಆದ್ರೆ ಆ ಟೀಚರಮ್ಮ ರಾತ್ರಿ ಹತ್ತಕ್ಕೆ ಯಾಕೆ ಬರೀಬೇಕು? ಅವರಿಗೂ ಮನೆ ಮಕ್ಕಳು ಇರ್ತಾರೆ. ಸಂಜೆ ಐದರ ಮೇಲೆ ಯಾರೂ ಕೇಳಬಾರದು ಅಂತ ನಾವೇ ಒಂದು ಮಾತು ಮಾಡಿಕೊಳ್ಳಬಾರದಾ?

ಕೋರಮಂಗಲ ಡ್ಯಾಡ್

ನಾವು ಆಫೀಸಿಂದ ಬರೋದೇ ಎಂಟಕ್ಕೆ. ಆಗಲೇ ಮಗು ಡೈರಿ ತೋರಿಸೋದು. ಐದರೊಳಗೆ ಕೇಳೋದು ಸಾಧ್ಯ ಇಲ್ಲ.

ಹಾಸನದ ಟೀಚರ್

ಕೇಳಿ, ತೊಂದರೆ ಇಲ್ಲ. ಆ ರಾತ್ರಿಯೇ ಉತ್ತರ ಬರಬೇಕು ಅಂತ ಕಾಯಬೇಡಿ ಅಷ್ಟೇ. ಮಾರನೇ ದಿನದ ಬಸ್, ಮಾರನೇ ದಿನದ ಪರೀಕ್ಷೆ ಬಿಟ್ಟರೆ ಯಾವುದೂ ಅಷ್ಟು ಅರ್ಜೆಂಟ್ ಇರಲ್ಲ. ಹೋಮ್‌ವರ್ಕ್ ಗೊತ್ತಾಗದಿದ್ದರೆ ಮಗು ಬೆಳಿಗ್ಗೆ ನಮ್ಮನ್ನು ಕೇಳಲಿ, ಖಂಡಿತ ಬೈಯಲ್ಲ.

ಕೋರಮಂಗಲ ಡ್ಯಾಡ್

ನೀವು ಬೈಯಲ್ಲ ಮೇಡಂ. ಎಲ್ಲರೂ ನಿಮ್ಮ ಹಾಗಿರಲ್ಲ.

ನಾಲ್ಕನೇ ಕ್ಲಾಸ್ ಅಮ್ಮ (ಮೈಸೂರು)

ಸಭೆ ಮುಗೀತು, ಅದಕ್ಕೆ ಬರೀತಿದ್ದೇನೆ. ಸರ್ ಬರೆದುಕೊಟ್ಟ ನಾಲ್ಕು ಮೆಸೇಜ್ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಟೀಚರ್ ಸಂತೋಷಪಟ್ಟರು. ಬೇರೆ ಬೇರೆ ಹಾಕುವುದಕ್ಕೆ, ತಾರೀಕು ಬರೆಯುವುದಕ್ಕೆ ಒಪ್ಪಿದರು. ಬಸ್ಸಿಗೆ ರೂಟ್‌ವಾರು ಬೇರೆ ಗ್ರೂಪ್ ಮಾಡಿ, ಇನ್‌ಚಾರ್ಜ್ ಅವರೇ ಅದರಲ್ಲಿ ಹಾಕಬೇಕು ಅಂತ ಪ್ರಿನ್ಸಿಪಾಲ್ ಹೇಳಿದರು. ಫೀಸ್ ಪ್ರಶ್ನೆಗೆ ಆಫೀಸ್ ನಂಬರ್ ಕೊಡಲು ಮಾತ್ರ ಮ್ಯಾನೇಜ್‌ಮೆಂಟ್ ಇನ್ನೂ ಒಪ್ಪಿಲ್ಲ, ಟೀಚರ್ ಮೂಲಕವೇ ಕೇಳಬೇಕಂತೆ. ಅದಕ್ಕೆ ನಾವು ಕೆಲವು ಪೋಷಕರು ಸಹಿ ಹಾಕಿ ಪತ್ರ ಕೊಡ್ತಿದ್ದೇವೆ.

ಹಳದಿ ಬಸ್

ರೂಟ್ ಗ್ರೂಪ್ ಮಾಡುವಾಗ ಡ್ರೈವರನ್ನು ಸೇರಿಸಬೇಡಿ ಅಂತ ಹೇಳಿ ಮೇಡಂ. ಓಡಿಸುವಾಗ ಫೋನ್ ಟಣ್ ಟಣ್ ಅಂತಿರುತ್ತೆ. ಅಟೆಂಡರ್ ಇರಲಿ.

ತುಮಕೂರು ಕಡೆಯವ

ಸರ್, ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಂಡೆ. ಸೋಮವಾರ ಬನ್ನಿ ಅಂದಿದ್ದಾರೆ. ಬಿಇಒ ಕಚೇರಿಗೆ ಈಗಲೇ ಹೋಗಲಾ, ಸೋಮವಾರದವರೆಗೆ ಕಾಯಲಾ?

ನಿವೃತ್ತ ಮುಖ್ಯೋಪಾಧ್ಯಾಯ

ಸೋಮವಾರದವರೆಗೆ ಕಾಯಿರಿ. ಅವತ್ತೂ ಕೊಡದಿದ್ದರೆ ಮಂಗಳವಾರ ಬೆಳಿಗ್ಗೆ ಸೀಲ್ ಇರುವ ಪ್ರತಿ ಹಿಡಿದುಕೊಂಡು ಹೋಗಿ.